ಮಗಳ ಗಣಿತ, ನಮ್ಮ ಸ್ಲ್ಯಾಬು

ದೀಪಾವಳಿಗೆ ಮನೆಗೆ ಬಂದ ಮಗಳು ಹಬ್ಬದ ಮರುದಿನ ಚಕ್ಕುಲಿ ಮುರಿಯುತ್ತ, ತಲೆ ಎತ್ತದೆ ಹೇಳಿದಳು: "ಅಪ್ಪಾ, ನಾ ಗಣಿತದ ಪೇಪರ್ ಬರಿಯಂಗಿಲ್ಲ. ನಾಶಿಕದಾಗೇ ಬಿ.ಎ.ಗೆ ಹಚ್ಚಿಬಿಡು."

ಛತ್ರಪತಿ ಸಂಭಾಜಿನಗರದ ಇಂಜಿನಿಯರಿಂಗ್ ಕಾಲೇಜಿಗೆ ಅವಳು ಸೇರಿ ಇನ್ನೂ ಒಂದು ಸೆಮಿಸ್ಟರ್ ಮುಗಿದಿರಲಿಲ್ಲ. ಹನ್ನೆರಡನೆಯ ತರಗತಿಯವರೆಗೆ ಗಣಿತ ಅಂದರೆ ಅವಳಿಗೆ ಆಟ. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸಿಂದಗಿ ಕಡೆಯಿಂದ ಬಂದು ನಾಶಿಕದಲ್ಲಿ, ಹಸಿ ಕಾಂಕ್ರೀಟಿಗೆ ಆಸರೆ ಕೊಡುವ ಸೆಂಟ್ರಿಂಗ್ ಹಲಗೆ ಹೊತ್ತೆ, ಆಮೇಲೆ ಹಲಗೆ ಬಡಿದೆ, ಆಮೇಲೆ ಬಡಿಯುವವರಿಗೆ ಮಿಸ್ತ್ರಿಯಾದೆ. ಓಝರ್‌ನಿಂದ ಘೋಟಿಯವರೆಗೆ ನಾನು ನಿಲ್ಲಿಸಿದ ಕಟ್ಟಡಗಳಿವೆ. ಯಾರ ಹತ್ತಿರವೂ ಕೈ ಚಾಚಿದವನಲ್ಲ. ಹಾಗಾಗಿ ಮಗಳ ಮಾತು ಕೇಳಿ ಮೊದಲು ಬಂದದ್ದು ಸಿಟ್ಟು. ಸಿಟ್ಟಿನ ಕೆಳಗೆ ಇನ್ನೇನೋ ಇತ್ತು, ಅದನ್ನು ಅಂದು ಗುರುತು ಹಿಡಿಯಲಿಲ್ಲ.

"ಯಾಕ? ಬರಂಗಿಲ್ಲೇನು?"

"ಬರ್ತದ. ಹಾಸ್ಟೆಲ್‌ನಾಗ ಬರ್ತದ. ಹಾಲ್‌ನಾಗ ಕುಂತರ ಹೋಗಿಬಿಡ್ತದ. ಮಿಡ್-ಟರ್ಮ್‌ನಾಗ ಕೋರಾ ಪೇಪರ್ ಕೊಟ್ಟು ಬಂದೀನಿ. ಮೇಲೆ ನನ್ನ ಹೆಸರು ಅಷ್ಟ ಇತ್ತು."

ಅವಳ ತಾಯಿ ಒಲೆಯ ಮುಂದಿನಿಂದ ನನ್ನ ಕಡೆ ನೋಡಿದಳು. ಬಾಯಿ ಮುಚ್ಚು ಎನ್ನುವ ನೋಟ ಅದು. ಮುಚ್ಚಿದೆ.

ನಮ್ಮ ಸೈಟಿನ ಮಂದಿಯಲ್ಲಿ ಒಂದು ಪದ್ಧತಿ ಇದೆ. ಸ್ಲ್ಯಾಬ್ ಸುರಿಯುವ ದಿನ ಬೆಳಗಾಗುತ್ತಲೇ ಎಲ್ಲರೂ ಮಿಕ್ಸರ್ ಮುಂದೆ ಸೇರಬೇಕು. ತೆಂಗಿನಕಾಯಿ ಒಡೆಯಬೇಕು, ಎಲ್ಲರ ಕೈಗೂ ಶಿರಾ ಬೀಳಬೇಕು, ಒಬ್ಬೊಬ್ಬರೂ ಒಂದೊಂದು ಮಾತು ಕೂಗಬೇಕು. ಸ್ಲ್ಯಾಬ್ ಶುರುವಾದರೆ ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಹಳೆಯ ಕಾಂಕ್ರೀಟಿಗೂ ಹೊಸದಕ್ಕೂ ಬೆಸುಗೆ ಕೂಡುವುದಿಲ್ಲ, ಮುಂದೆ ಅಲ್ಲೇ ಸೋರುತ್ತದೆ. ಅದಕ್ಕೇ ಮಂದಿಗೆ ಕಾವು ಏರಿಸಬೇಕು. ಕಾವು ಏರಿದರೆ ಬುಟ್ಟಿ ಕೈಯಿಂದ ಕೈಗೆ ಹಾರುತ್ತದೆ.

ಮಗಳ ಹತ್ತನೆಯ, ಹನ್ನೆರಡನೆಯ ಪರೀಕ್ಷೆಗೂ ಇದೇ ಪದ್ಧತಿ. ಶೆಡ್ಡಿನ ಮುಂದೆ ಎಲ್ಲರೂ ನಿಂತು, ಅವಳು ಎಲ್ಲರ ಕಾಲು ಮುಟ್ಟಿ, ಎಲ್ಲರೂ ಕೂಗಿ ಕಳಿಸಿದ್ದೆವು. ಕಾಲೇಜಿಗೆ ಹೋದಮೇಲೆ ಫೋನಿನಲ್ಲಿ. ಆ ಮಿಡ್-ಟರ್ಮ್ ಬೆಳಗ್ಗೆ ಫೋನ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬುಟ್ಟಿಯ ಹಾಗೆಯೇ ಹೋಗಿತ್ತು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಒಬ್ಬ ಕಾಕಿ. ಅವಳಂತೂ, "ಏ ಹುಡುಗಿ, ನಾವೆಲ್ಲ ಹೊತ್ತದ್ದು ನಿನ್ನ ತಲಿ ಮ್ಯಾಲ ಐತಿ ನೋಡವಾ, ಹೆಸರು ಉಳಸು" ಎಂದು ಕಣ್ಣೀರು ಹಾಕಿದ್ದಳು. ನನಗೆ ಎದೆ ಉಬ್ಬಿತ್ತು.

ರಜೆ ಮುಗಿದು ಮಗಳು ಹಾಸ್ಟೆಲಿಗೆ ಹೋದಳು. ಪುಸ್ತಕವನ್ನೂ ತೆಗೆದುಕೊಂಡು ಹೋದಳು. ಅಷ್ಟು ಸಮಾಧಾನ. ಆದರೆ ಪರೀಕ್ಷೆಗೆ ಕೂಡುತ್ತೇನೆ ಅಂತ ಹೇಳಲಿಲ್ಲ. ಅದೇ ಚಿಂತೆಯಲ್ಲಿ ನಾನು ಸೈಟಿನಲ್ಲಿ ಅಡ್ಡ ಹಲಗೆ ಹಾಕುವಲ್ಲಿ ಉದ್ದ ಹಲಗೆ ಹಾಕಿಸಿದೆ, ಬೈಸಿಕೊಳ್ಳಬೇಕಾದವನು ಬೇರೆಯವರನ್ನು ಬೈದೆ. ಮಂದಿ ನನ್ನಿಂದ ದೂರ ದೂರ ಕೆಲಸ ಮಾಡಿದರು.

ಡಿಸೆಂಬರಿನಲ್ಲಿ ಕಾಲೇಜಿನ ಪಾಲಕರ ಗುಂಪಿಗೆ ಮೆಸೇಜ್ ಬಂತು. ಮೊದಲ ವರ್ಷದ ಮಕ್ಕಳಿಗೆ ಪರೀಕ್ಷೆಯ ಭಯದ ಮೇಲೆ ಒಂದು ಭಾಷಣ, ಪಾಲಕರೂ ಬರಬಹುದು. ಮರಾಠಿಯಲ್ಲಿತ್ತು, ಎರಡು ಸಲ ಓದಿದೆ. ಮಗಳು ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಕರೆಯದಿದ್ದರೂ ಹೋಗಲೇಬೇಕು ಎಂದು ನಸುಕಿನಲ್ಲೇ ಎಸ್ಟಿ ಬಸ್ಸು ಹತ್ತಿದೆ. ನಿಫಾಡ್ ಬಳಿ ದ್ರಾಕ್ಷಿ ತೋಟದವರು ಚಳಿಗೆ ಹೆದರಿ ಅಲ್ಲಲ್ಲಿ ಹೊಗೆ ಹಾಕಿದ್ದರು. ಇಸ್ತ್ರಿ ಮಾಡಿದ ಅಂಗಿ ಮುದುಡಬಾರದೆಂದು ನಾನು ಬೆನ್ನು ಸೀಟಿಗೆ ತಾಗಿಸದೆ ಕೂತಿದ್ದೆ.

ಹಾಲ್‌ನಲ್ಲಿ ಮುಂದೆ ಮಕ್ಕಳು, ಹಿಂದೆ ನಾವು. ಮಗಳು ಮೂರನೆಯ ಸಾಲಿನಲ್ಲಿದ್ದಳು. ನನ್ನನ್ನು ನೋಡಿರಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಮಾತಾಡಿದವರು ಅದೇ ಕಾಲೇಜಿನಲ್ಲಿ ಮಕ್ಕಳ ಮನಸ್ಸಿನ ತೊಂದರೆ ಕೇಳುವ ಮೇಡಂ. ಮರಾಠಿಯಲ್ಲಿ, ನಡುನಡುವೆ ಹಿಂದಿಯಲ್ಲಿ, ಅವಸರವಿಲ್ಲದೆ ಮಾತಾಡಿದರು.

"ಪರೀಕ್ಷೆ ಅಂದಕೂಡಲೇ ಯಾರ ಎದೆ ಬಡಿದುಕೊಳ್ಳುತ್ತದೆ?" ಎಂದು ಕೇಳಿದರು. ಒಂದೆರಡು ಕೈ ಎದ್ದವು. ಮಗಳ ಕೈ ಏಳಲಿಲ್ಲ. "ಸುಳ್ಳುಗಾರರು," ಎಂದು ಮೇಡಂ ನಕ್ಕು ತಾವೇ ಕೈ ಎತ್ತಿದರು. "ಇಲ್ಲಿಗೆ ಬರುವ ಮುಂಚೆ ನನ್ನದೂ ಬಡಿಯುತ್ತಿತ್ತು." ಆಗ ಕೈಗಳು ಏಳತೊಡಗಿದವು. ಮಗಳದು ಕಿವಿಯವರೆಗೆ ಬಂದು ನಿಂತಿತು.

ಅವರು ಬೋರ್ಡಿನ ಮೇಲೆ ಒಂದು ಗುಡ್ಡ ಬರೆದರು. ಎಡಗಡೆ ಬುಡ, ನಡುವೆ ನೆತ್ತಿ, ಬಲಗಡೆ ಮತ್ತೆ ಇಳಿಜಾರು. ದೇಹದಲ್ಲಿ ಕಾವು ಏನೂ ಇಲ್ಲದವನು ಎಡಗಡೆಯ ಬುಡದಲ್ಲಿ ಇರುತ್ತಾನೆ, ಓದಲು ಕೂತರೆ ಆಕಳಿಸುತ್ತಾನೆ. ಸ್ವಲ್ಪ ಕಾವು ಏರಿದರೆ ಗಮನ ಕೂಡುತ್ತದೆ, ಕೈ ಓಡುತ್ತದೆ, ಗುಡ್ಡ ಹತ್ತುತ್ತಾನೆ. ಒಂದು ಹದದವರೆಗೆ ಮಾತ್ರ. ಅದನ್ನು ದಾಟಿದರೆ ಆಚೆ ಜಾರುತ್ತಾನೆ. ಕಾವು ಹೆಚ್ಚಾದಷ್ಟೂ ಕೆಲಸ ಕೆಡುತ್ತದೆ.

ನನ್ನ ಪಕ್ಕದಲ್ಲಿ ವೈಜಾಪುರದಿಂದ ಬಂದ ಈರುಳ್ಳಿ ವ್ಯಾಪಾರಿಯೊಬ್ಬರು ಕೂತಿದ್ದರು. ಅವರು ಕೂತಲ್ಲಿಂದಲೇ ಕೂಗಿದರು: "ಮೇಡಂ, ನನ್ನ ಮಗ ಗುಡ್ಡ ಹತ್ತೋದೇ ಇಲ್ಲ. ಬುಡದಲ್ಲೇ ಹಾಸಿಗೆ ಹಾಸಿದ್ದಾನೆ."

ಹಾಲ್ ನಕ್ಕಿತು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ತಲೆ ಕೆಳಗೆ ಹಾಕಿದ.

"ಹಾಗಿದ್ದರೆ ಅವನಿಗೆ ಸ್ವಲ್ಪ ಭಯ ಬೇಕು ಕಾಕಾ," ಎಂದರು ಮೇಡಂ. "ಆದರೆ ನಿಮ್ಮ ದನಿಯ ಭಯ ಅಲ್ಲ, ಪರೀಕ್ಷೆಯ ತಾರೀಖಿನ ಭಯ. ಮತ್ತೆ, ಹಾಸಿಗೆ ಹಾಸಿದವರೆಲ್ಲ ಸೋಮಾರಿಗಳಲ್ಲ. ಕೆಲವರು ಹೆದರಿಕೆಗೇ ಮುಸುಕು ಹಾಕಿ ಮಲಗುತ್ತಾರೆ. ಒಮ್ಮೆ ಕೇಳಿ ನೋಡಿ."

ವ್ಯಾಪಾರಿಯ ನಗು ಅರ್ಧಕ್ಕೆ ನಿಂತಿತು.

ಆಮೇಲೆ ಮೇಡಂ ಹೇಳಿದ ಮಾತಿಗೆ ನಾನು ಮುಂದಕ್ಕೆ ಬಾಗಿದೆ. ಗುಡ್ಡ ಎಲ್ಲರಿಗೂ ಒಂದೇ ಅಲ್ಲ, ಎಲ್ಲ ಕೆಲಸಕ್ಕೂ ಒಂದೇ ಅಲ್ಲ. ಕೈಗೆ ಕೂತ, ಸಲೀಸಾದ ಕೆಲಸಕ್ಕೆ ಕಾವು ಹೆಚ್ಚಿದ್ದರೂ ನಡೆಯುತ್ತದೆ, ನೆತ್ತಿ ಬಲಕ್ಕೆ ಸರಿಯುತ್ತದೆ. ತಲೆಯಲ್ಲಿ ನಾಲ್ಕು ಸಂಗತಿ ಒಟ್ಟಿಗೆ ಹಿಡಿದು ಮಾಡಬೇಕಾದ ಬಿಗಿ ಕೆಲಸಕ್ಕೆ ನೆತ್ತಿ ಎಡಕ್ಕೇ ಬರುತ್ತದೆ, ಸ್ವಲ್ಪ ಹೆಚ್ಚಾದರೂ ಜಾರು. "ಇದು ಸೆಂಟಿಮೀಟರ್ ಹಿಡಿದು ಅಳೆಯುವ ಚಿತ್ರ ಅಲ್ಲ, ದಿಕ್ಕು ತಿಳಿಯಲಿ ಅಂತ ಬರೆದದ್ದು," ಎಂದೂ ಹೇಳಿದರು. ಲೆಕ್ಕ ಬಿಡಿಸುವಾಗ ಹಿಂದಿನ ಸಾಲನ್ನು ನೆನಪಿನಲ್ಲಿ ಹಿಡಿದುಕೊಳ್ಳುವ ಜಾಗ ತಲೆಯಲ್ಲಿ ಬಹಳ ಸಣ್ಣದಂತೆ. ಅಲ್ಲಿ "ಫೇಲಾದರೆ ಏನು, ಮನೆಯವರು ಏನಂದಾರು" ಎನ್ನುವ ಚಿಂತೆ ಬಂದು ಕೂತರೆ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲವಂತೆ.

ನಾನು ಸೈಟಿನಲ್ಲೇ ಇದ್ದೆ ಆಗ, ಮನಸ್ಸಿನಲ್ಲಿ. ಸ್ಲ್ಯಾಬ್ ದಿನ ಕೂಗಾಡುವ ನಾನು, ಮೆಟ್ಟಿಲಿಗೆ ಗುರುತು ಹಾಕುವ ದಿನ ಯಾರಿಗೂ ಮಾತಾಡಗೊಡುವುದಿಲ್ಲ. ಒಂದು ಮೆಟ್ಟಿಲಿನ ಎತ್ತರ ತಪ್ಪಿದರೆ ಮೇಲಿನವೆಲ್ಲ ತಪ್ಪು. ಓಳಂಬಾ ಅಂತೇವೆ, ದಾರಕ್ಕೆ ಕಟ್ಟಿದ ತೂಕದ ಗುಂಡು. ಅದು ಅಲ್ಲಾಡದೆ ನಿಲ್ಲುವವರೆಗೆ ಉಸಿರು ಸಹ ಮೆಲ್ಲಗೆ ಬಿಡುತ್ತೇನೆ. ಮಗಳ ಗಣಿತ ಮೆಟ್ಟಿಲಿನ ಕೆಲಸ. ನಾವು ಅದಕ್ಕೆ ಸ್ಲ್ಯಾಬಿನ ಕೂಗು ಹಾಕಿದ್ದೆವು.

ಮೇಡಂ ಮಕ್ಕಳಿಗೆ ಉಪಾಯ ಹೇಳುತ್ತಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು, ಪರೀಕ್ಷೆಯಲ್ಲಿ ಕೂತ ಹಾಗೆಯೇ ಕೂತು ಬರೆಯಬೇಕು. ಕೈಗೆ ಕೂತಷ್ಟೂ ಕಾವು ತಾಳುವ ಶಕ್ತಿ ಬರುತ್ತದೆ. ನಿದ್ದೆ ಕೆಡಿಸಬಾರದು. ಹಾಲ್‌ನಲ್ಲಿ ಕತ್ತಲೆ ಬಂದ ಹಾಗಾದರೆ ಉಸಿರು ಎಳೆದದ್ದಕ್ಕಿಂತ ಉದ್ದವಾಗಿ ಬಿಡಬೇಕು, ನಾಲ್ಕಾರು ಸಲ. ಗೊತ್ತಿರುವ ಪ್ರಶ್ನೆಯಿಂದ ಶುರುಮಾಡಬೇಕು.

"ಮತ್ತೆ, ಶಾಂತವಾಗು ಶಾಂತವಾಗು ಅಂತ ಎದೆಗೆ ಹೇಳಬೇಡಿ, ಅದು ಕೇಳುವುದಿಲ್ಲ," ಎಂದರು. "ಬಡಿಯಲಿ. ದೇಹ ಕೆಲಸಕ್ಕೆ ತಯಾರಾಗುತ್ತಿದೆ, ಇದು ನನ್ನ ಪರವಾಗಿಯೇ ಬಡಿಯುತ್ತಿದೆ ಅಂತ ಹೇಳಿಕೊಳ್ಳಿ. ಅದೇ ಬಡಿತ, ಅರ್ಥ ಬೇರೆ ಮಾಡಿಕೊಂಡರೆ ಅಷ್ಟು ಕಾಡುವುದಿಲ್ಲ. ಇಷ್ಟಾಗಿಯೂ ಊಟ ನಿದ್ದೆ ಹೋದರೆ ನನ್ನ ಕೋಣೆಗೆ ಬನ್ನಿ."

ಮುಗಿದಮೇಲೆ ಪಾಲಕರೆಲ್ಲ ಅವರನ್ನು ಮುತ್ತಿಕೊಂಡರು. ನಾನೂ ನುಗ್ಗಿ ಕೇಳಿದೆ, "ಪರೀಕ್ಷೆ ದಿನ ಮನೆಯವರು ಫೋನ್ ಮಾಡಬಾರದೇನು?"

"ಆ ದಿನವನ್ನು ದೊಡ್ಡದು ಮಾಡಬೇಡಿ ಕಾಕಾ. ದಿನಾ ಹೇಗೆ..." ಎನ್ನುವಷ್ಟರಲ್ಲಿ ಯಾರೋ ಅವರ ಮೊಣಕೈ ಹಿಡಿದು ತಿರುಗಿಸಿಕೊಂಡರು. ನನಗೆ ಬೇಕಾದಷ್ಟು ಸಿಕ್ಕಿತು ಅಂತ ಹೊರಗೆ ಬಂದೆ.

ಮಗಳು ಬಾಗಿಲಲ್ಲಿ ನಿಂತಿದ್ದಳು. "ಬರ್ತೀನಂತ ಹೇಳಲೇ ಇಲ್ಲ ನೀ."

"ನೀನೂ ಕರೀಲಿಲ್ಲ."

ಕ್ಯಾಂಟೀನಿನಲ್ಲಿ ಚಹಾ ತೆಗೆದುಕೊಂಡೆವು. ಅವಳು ಲೋಟದ ಮೇಲಿನ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ಮೆಲ್ಲಗೆ ಹೇಳಿದಳು. "ಅವತ್ತ ಹಾಲ್‌ನಾಗ ಕಾಕಿ ಧ್ವನಿ ಕೇಳಸ್ತಿತ್ತಪಾ ನಂಗ. ಪೇಪರ್ ನೋಡಿದ್ರ ಕಾಕಿ ಕಾಣ್ತಿದ್ಲು. ಬುಟ್ಟಿ ಹೊತಗೊಂಡು."

ನಾನು ಚಹಾ ಕುಡಿದೆ. ಬಹಳ ಬಿಸಿ ಇತ್ತು.

"ಪೇಪರಿಗೆ ಕುಂದರ್ತೀ ಹೌದಲ್ಲೋ?" ಎಂದು ಕೊನೆಗೆ ಕೇಳಿದೆ.

"ಕುಂದರ್ತೀನಿ. ಬರೀತೀನೋ ಇಲ್ಲೋ ಗೊತ್ತಿಲ್ಲ."

ನಾಶಿಕಕ್ಕೆ ಬಂದವನೇ ಹುಕುಂ ಹೊರಡಿಸಿದೆ. ಗಣಿತದ ದಿನ ಯಾರೂ ಫೋನ್ ಮಾಡಕೂಡದು, ಬಂದರೂ ಎತ್ತಕೂಡದು. ಕಾಕಿಗೆ ಬೇಸರವಾಯಿತು. "ನಾವೇನು ಶಾಪ ಹಾಕ್ತೀವೇನ್ರೀ ಮಿಸ್ತ್ರಿ? ಒಂದ್ ಒಳ್ಳೆ ಮಾತು ಹೇಳ್ತೀವಿ."

"ಆ ಒಳ್ಳೆ ಮಾತೇ ಭಾರ ಆಗಾಕತ್ತೈತಿ ಕಾಕಿ."

"ಮಾತು ಭಾರಂತ. ಮೂವತ್ತು ವರ್ಷ ಕಾಂಕ್ರೀಟ್ ಹೊತ್ತೀನಿ, ಮಾತು ಭಾರ ಅಂತ ಈಗ ಕೇಳೀನಿ," ಎಂದು ಸೆರಗು ಬಿಗಿದು ಹೋದಳು.

ಹೆಂಡತಿಗೂ ಹೇಳಿದೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನ ಫೋನನ್ನಂತೂ ಆ ಬೆಳಗ್ಗೆ ನಾನೇ ಬಂದ್ ಮಾಡಿ ಕಿಸೆಯಲ್ಲಿಟ್ಟೆ. ಕೈ ತಾನೇ ಒತ್ತಿಬಿಟ್ಟೀತು ಎನ್ನುವ ಹೆದರಿಕೆ ನನಗೇ ಇತ್ತು.

ಅದೇ ದಿನ ನಮಗೆ ಮೂರನೆಯ ಅಂತಸ್ತಿನ ಸ್ಲ್ಯಾಬು. ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ಕಾಯಿ ಒಡೆದೆವು, ಮಿಕ್ಸರ್ ತಿರುಗಿತು, ಬುಟ್ಟಿಗಳು ಹಾರತೊಡಗಿದವು. ನನ್ನ ಕೂಗಿನಲ್ಲಿ ಅಂದು ಜೀವ ಇರಲಿಲ್ಲ. ಕಣ್ಣು ಸರಳಿನ ಜಾಲಿಯ ಮೇಲೆ, ಮನಸ್ಸು ಆ ಹಾಲ್‌ನಲ್ಲಿ. ಈಗ ಎದ್ದಿರಬೇಕು, ಈಗ ಸ್ನಾನ, ಈಗ ಹಾಲ್ ಟಿಕೆಟ್ ಹುಡುಕುತ್ತಿರಬೇಕು.

ಕೆಳಗಿನಿಂದ ಹೆಂಡತಿಯ ದನಿ ಬಂತು. ಮೆಟ್ಟಿಲೂ ಇಲ್ಲದ ಆ ಕಟ್ಟಡದ ಇಳಿಜಾರು ಹಲಗೆಯ ಮೇಲೆ ಅವಳು ಸೀರೆ ಎತ್ತಿಕೊಂಡು ಏರಿ ಬರುತ್ತಿದ್ದಳು, ಕೈಯಲ್ಲಿ ಫೋನು.

"ನಿಮ್ಮ ಫೋನಿಗೆ ಆಗಿಂದ ಹಚ್ಚಾಕತ್ತಾಳ ಅಕಿ. ಬಂದ್ ಬರ್ತದಂತ. ಕಾಕಿಗೆ ಹಚ್ಚಿದ್ರ ಕಾಕಿನೂ ಎತ್ತಿಲ್ಲಂತ. ಯಾರಿಗೆ ಏನಾತು ಅಂತ ಅಳಾಕತ್ತಾಳ. ನಾ ಎತ್ತೀನ್ರೀ. ಬೈಯೂದಿದ್ರ ಆಮ್ಯಾಲ ಬೈರಿ. ನನ್ನ ಮಾತು ನಂಬವಲ್ಲಳು, ನಿಮ್ಮ ದನಿನೇ ಬೇಕಂತ."

ಸೈಟಿನಲ್ಲಿ ಹುಟ್ಟಿ ಬೆಳೆದ ಮಗಳು. ಬೆಳಗ್ಗೆ ಅಪ್ಪನ ಫೋನು ಬಂದ್, ಸ್ಲ್ಯಾಬಿನ ದಿನ, ಯಾರೂ ಎತ್ತುತ್ತಿಲ್ಲ ಅಂದರೆ ಅವಳಿಗೆ ಏನು ಕಣ್ಣಿಗೆ ಕಟ್ಟುತ್ತದೆ? ಹಲಗೆ ಕುಸಿದದ್ದು ಕಟ್ಟುತ್ತದೆ. ಭಾರ ಇಳಿಸುತ್ತೇನೆಂದು ಹೋಗಿ ನಾನು ಅವಳನ್ನು ಇಳಿಜಾರಿನ ಅಂಚಿಗೇ ತಂದು ನಿಲ್ಲಿಸಿದ್ದೆ.

ಸ್ಲ್ಯಾಬ್ ಶುರುವಾದಮೇಲೆ ನಾನು ಅಲ್ಲಿಂದ ಕದಲುವವನೇ ಅಲ್ಲ. ಅಂದು ಕಾಂಕ್ರೀಟ್ ಕೂರಿಸುವ ವೈಬ್ರೇಟರ್ ಹಿಡಿದವನಿಗೆ ಕೈಸನ್ನೆ ಮಾಡಿ, ಮೂಲೆಯ ಕಾಲಮ್ಮಿನ ಹಿಂದೆ ಹೋಗಿ ಫೋನ್ ಕಿವಿಗೆ ಇಟ್ಟುಕೊಂಡೆ.

"ಅಪ್ಪಾ? ಬಿದ್ದೀಯೇನು ನೀ? ಖರೇ ಹೇಳು."

"ಯಾರೂ ಬಿದ್ದಿಲ್ಲ. ಮಿಕ್ಸರ್ ಸಪ್ಪಳ ಕೇಳಸ್ತದಿಲ್ಲೋ? ಸ್ಲ್ಯಾಬ್ ನಡದದ. ಆ ಮೇಡಂ ಹೇಳಿದ್ರಂತ ನಾನೇ ಫೋನ್ ಬಂದ್ ಇಟ್ಟಿದ್ದೆ."

ಆ ಕಡೆ ಮೂಗು ಒರೆಸಿದ ಸದ್ದು. "ಬಂದ್ ಇಡ್ರಿ ಅಂತ ಹೇಳಿಲ್ಲಪ್ಪಾ ಅವ್ರು. ದಿನಾ ಹೆಂಗ ಮಾತಾಡ್ತೀರಿ ಹಂಗ ಮಾತಾಡ್ರಿ ಅಂತ ಹೇಳಿದ್ರು, ನಾ ಬಾಗಲದಾಗ ನಿಂತು ಕೇಳೀನಿ."

"ಪೂರಾ ಕೇಳಿಸಲಿಲ್ಲ ನನಗ. ಗದ್ದಲಿತ್ತು."

"ಅಪ್ಪಾ, ಎದಿ ಬಾಯಿಗೆ ಬಂದದ. ಕೈ ಥಂಡ್ ಆಗ್ಯಾವ. ಪೆನ್ ಹಿಡಿಯಾಕ ಆಗವಲ್ದು. ನಾ ರೂಮಿಗೆ ಹೋಗ್ತೀನಿ."

ನನ್ನ ಬಾಯಿಗೆ "ಹೆದರಬ್ಯಾಡ" ಅಂತಲೇ ಬಂತು, ಹಲ್ಲು ಕಚ್ಚಿ ನುಂಗಿದೆ. ಕಂಬಕ್ಕೆ ಆನಿಸಿದ ನನ್ನ ಕೈ ನೋಡಿಕೊಂಡೆ.

"ನಂದೂ ಥಂಡ್ ಆಗೇದ," ಎಂದೆ. "ನಂದೂ ಬಡಕೊಳ್ಳಾಕತ್ತದ. ಪ್ರತಿ ಸ್ಲ್ಯಾಬಿಗೆ ಬಡಕೊಂತದ, ಯಾರಿಗೂ ಹೇಳಂಗಿಲ್ಲ ಅಷ್ಟ. ಬಡೀಲಿ ಬಿಡು. ಕೆಲಸಕ್ಕ ಎದ್ದು ನಿಂತದ ಅದು."

"ನಿಂಗೂ?"

"ಹೂಂ. ಒಂದ್ ಕೆಲಸ ಮಾಡು. ನಾ ಮೆಟ್ಟಿಲ ಗುರುತು ಹಾಕೂವಾಗ ಉಸಿರು ಹೆಂಗ ಬಿಡ್ತೀನಿ? ನೋಡೀಯಲ್ಲ ನೀ. ಹಂಗ ಬಿಡು. ಉದ್ದಕ ಬಿಡು."

ಫೋನಿನಲ್ಲಿ ಅವಳ ಉಸಿರು ಕೇಳಿಸಿತು. ಮೊದಲು ತುಂಡು ತುಂಡು. ಆಮೇಲೆ ಸ್ವಲ್ಪ ಉದ್ದ. ಹಿಂದೆ ಮಿಕ್ಸರ್ ಉರುಳುತ್ತಲೇ ಇತ್ತು. ಎಲ್ಲಿಂದಲೋ ಬಂದ ಕಾಕಿ ಬುಟ್ಟಿ ಕೆಳಗಿಟ್ಟು ನನ್ನ ಕೈಯಿಂದ ಫೋನ್ ಕಸಿದಳು. ನಾನು ತಡೆಯಲು ಹೋದರೆ ಮೊಣಕೈಯಿಂದ ದೂಡಿದಳು.

"ಏ ಹುಡುಗಿ. ನಾಷ್ಟಾ ಏನ್ ತಿಂದಿ?... ಪೋಹೆ? ದಿನಾ ಪೋಹೇನ ತಿನ್ನಸ್ತಾರೇನ ನಿಮಗ? ನಾ ಇವತ್ತ ಬದನಿಕಾಯಿ ಎಣಗಾಯಿ ಮಾಡೀನಿ. ನಿಮ್ಮಪ್ಪಗ ಕೊಡಂಗಿಲ್ಲ, ಫೋನ್ ಎತ್ತಬ್ಯಾಡಂದಾನ ಅವ... ಹೂಂ, ಹೋಗು. ನಂಗ ಕೆಲಸ ಐತಿ."

ಅಷ್ಟೇ. ಹೆಸರು ಉಳಿಸು ಎನ್ನಲಿಲ್ಲ, ಕಣ್ಣೀರು ಹಾಕಲಿಲ್ಲ. ಫೋನ್ ನನ್ನ ಕೈಗೆ ತುರುಕಿ ಬುಟ್ಟಿ ಎತ್ತಿಕೊಂಡಳು. ಆ ಕಡೆ ಮಗಳು ಅಳುವಿನ ನಡುವೆ ಸಣ್ಣಗೆ ನಕ್ಕ ಹಾಗೆ ಕೇಳಿತು, ಅಥವಾ ನನಗೆ ಹಾಗೆ ಬೇಕಿತ್ತು.

"ಗಂಟೆ ಹೊಡೀತು ಅಪ್ಪಾ," ಎಂದಳು. ಲೈನು ಕಟ್ಟಾಯಿತು. ರೂಮಿಗೆ ಹೋದಳೋ, ಹಾಲ್‌ಗೆ ಹೋದಳೋ ಹೇಳಲಿಲ್ಲ.

ಅಲ್ಲಿಂದ ಮಧ್ಯಾಹ್ನದವರೆಗಿನ ಹೊತ್ತು ನನ್ನ ಜೀವನದಲ್ಲಿ ಉದ್ದವಾದದ್ದು. ಸ್ಲ್ಯಾಬ್ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ಆದರೆ ಕಿಸೆಯಲ್ಲಿ ಫೋನು ಈಗ ಚಾಲೂ ಇತ್ತು, ಅದು ಸುಮ್ಮನಿರುವುದೇ ಹೆದರಿಕೆ. ರೂಮಿಗೆ ಹೋಗಿದ್ದರೆ ಈಗ ಮಾಡಬಹುದಲ್ಲ, ಮಾಡಿಲ್ಲ ಅಂದರೆ ಹಾಲ್‌ನಲ್ಲಿರಬೇಕು. ಹಾಲ್‌ನಲ್ಲಿ ಮತ್ತೆ ಕೋರಾ ಪೇಪರ್ ಮುಂದೆ ಕೂತಿರಬಹುದು. ಒಂದು ಬುಟ್ಟಿಗೆ ಒಂದು ಸಮಾಧಾನ, ಮುಂದಿನ ಬುಟ್ಟಿಗೆ ಅದು ಬಿದ್ದುಹೋಗುತ್ತಿತ್ತು. ಹೆಂಡತಿ ಮನೆಗೆ ಹೋಗದೆ ಕೆಳಗೆ ಮರಳಿನ ಗುಡ್ಡೆಯ ಮೇಲೆಯೇ ಕೂತುಬಿಟ್ಟಿದ್ದಳು. ಊಟಕ್ಕೆ ಯಾರೂ ಎಣಗಾಯಿ ನೆನಪು ಮಾಡಲಿಲ್ಲ.

ಕೊನೆಯ ಮೂಲೆ ಮಟ್ಟ ಮಾಡುವಾಗ ಫೋನ್ ಬಡಿದುಕೊಂಡಿತು. ಕೈಗೆ ಸಿಮೆಂಟು. ಅಂಗಿಗೆ ಒರೆಸಿಕೊಂಡು ಎತ್ತಿದೆ.

"ಅಪ್ಪಾ."

"ಹೇಳು."

"ಬರದೀನಿ." ಉಸಿರು ತೆಗೆದುಕೊಂಡಳು. "ಮೊದಲನೇ ಪ್ರಶ್ನೆ ನೋಡಿದೆ, ಜನ್ಮದಾಗ ನೋಡಿಲ್ಲ ಅನ್ನಿಸ್ತು. ಕತ್ತಲಿ ಬಂದಂಗಾತು. ಅದನ್ನ ಬಿಟ್ಟೆ. ಮೂರನೇದು ಮ್ಯಾಟ್ರಿಕ್ಸ್ ಇತ್ತು, ಅದು ಮಸ್ತ್ ಬರ್ತದ ನಂಗ. ಅದು ಮಾಡಿದೆ. ಆಮ್ಯಾಲ ತಿರುಗಿ ಬಂದ್ರ ಮೊದಲನೇದು ಅರ್ಧ ಬಂತು. ಪೂರಾ ಬರಲಿಲ್ಲ. ಐದನೇದು ಬಿಟ್ಟೀನಿ. ಪಾಸಾಗ್ತೀನೋ ಇಲ್ಲೋ ಗೊತ್ತಿಲ್ಲಪ್ಪಾ."

"ಕೋರಾ ಕೊಟ್ಟಿಲ್ಲಲ್ಲ?"

"ಇಲ್ಲ. ಎಕ್ಸ್‌ಟ್ರಾ ಸಪ್ಲಿಮೆಂಟ್ ಹಚ್ಚೀನಿ."

ನಾನು ಮಂದಿಯ ಕಡೆಗೆ ತಿರುಗಿ ಕೈ ಎತ್ತಿದೆ. ಏನು ಅಂತ ಯಾರಿಗೂ ಹೇಳಬೇಕಾಗಲಿಲ್ಲ. ಹೆಂಡತಿ ಮರಳಿನ ಗುಡ್ಡೆಯಿಂದ ಎದ್ದು ಸೀರೆ ಕೊಡವಿಕೊಂಡಳು. ಕಾಕಿ ಮಾತ್ರ ಬುಟ್ಟಿ ತೊಳೆಯುತ್ತ ನನ್ನ ಕಡೆ ನೋಡದೆ, "ಎಣಗಾಯಿ ಉಳದೈತಿ ಮಿಸ್ತ್ರಿ, ಬೇಕಾದ್ರ ಹೇಳ್ರಿ" ಎಂದಳು.

"ನಾಡದು ಫಿಸಿಕ್ಸ್," ಎಂದಳು ಮಗಳು. "ಫೋನ್ ಮಾಡ್ತೀಯಲ್ಲ?"

"ಮಾಡ್ತೀನಿ. ಎಷ್ಟು ಮಂದಿ ಮಾತಾಡೂಣು?"

ಅವಳು ವಿಚಾರ ಮಾಡಿದಳು. "ನೀ ಒಬ್ಬ. ಮತ್ತ ಕಾಕಿ ಇದ್ರ ಕಾಕಿ. ಊಟದ ಮಾತು ಅಷ್ಟ."

ಫೋನ್ ಕಿಸೆಗೆ ಹಾಕಿಕೊಂಡಾಗ ನನ್ನ ಎದೆ ಇನ್ನೂ ಬಡಿದುಕೊಳ್ಳುತ್ತಿತ್ತು. ಫಲಿತಾಂಶ ಬರುವುದು ದೂರವಿತ್ತು, ಅಲ್ಲಿಯವರೆಗೂ ಅದು ನಿಲ್ಲುವುದಿಲ್ಲ ಅಂತ ಗೊತ್ತಿತ್ತು. ಹಸಿ ಸ್ಲ್ಯಾಬಿನ ಮೇಲೆ ಒದ್ದೆ ಗೋಣಿಚೀಲ ಹಾಸಲು ಹೇಳಿ, ಎಣಗಾಯಿ ಕೇಳಲು ಕೆಳಗಿಳಿದೆ.